ಅದಿರಿನ ಲಾರಿ ಇದ್ದವರಿಗೆ ಉಕ್ಕಿನ ಶೇರು ಏಕೆ?

ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ಲಾರಿ ಮಾಲೀಕರಿಗೆ, ಹಾಗೂ ಡಿಮ್ಯಾಟ್ ಖಾತೆ ತೆರೆದಿರುವ ಅವರ ಮಕ್ಕಳಿಗೆ,



ನಿಮ್ಮಲ್ಲಿ ಕೆಲವರ ತೆರಿಗೆ ಲೆಕ್ಕ ಬರೆದುಕೊಡುವವನು ನಾನು. ಡೀಸೆಲ್ ಬಿಲ್ಲು, ರಿಸೋಲ್ ಟೈರಿನ ಚೀಟಿ, ಇನ್ಶೂರೆನ್ಸ್ ಕಾಗದಗಳ ನಡುವೆ ಈಚೆಗೆ ಶೇರು ಬ್ರೋಕರ್ ಕಳಿಸಿದ ಸ್ಟೇಟ್‌ಮೆಂಟುಗಳೂ ಬರುತ್ತಿವೆ. ತೆರೆದು ನೋಡಿದರೆ ಹೆಚ್ಚುಕಮ್ಮಿ ಎಲ್ಲರ ಹತ್ತಿರವೂ ಅವೇ ಹೆಸರು: ಜೆಎಸ್‌ಡಬ್ಲ್ಯು ಸ್ಟೀಲ್, ಎನ್‌ಎಂಡಿಸಿ, ಸಂಡೂರು ಮ್ಯಾಂಗನೀಸ್, ಟಾಟಾ ಸ್ಟೀಲ್. ಯಾಕೆ ಇವೇ ಎಂದು ಕೇಳಿದರೆ, ‘ನಮಗೆ ಗೊತ್ತಿರೋ ಕಂಪನಿ ಸರ್, ದಿನಾ ಕಣ್ಣೆದುರಿಗೇ ನೋಡ್ತೀವಲ್ಲ’ ಎಂಬ ಉತ್ತರ ಬರುತ್ತದೆ. ಇದರ ಜೊತೆಗೆ ನಿಮ್ಮ ಮಕ್ಕಳ ಮೊಬೈಲಿನಲ್ಲಿ ಒಂದು ಗುಂಡನೆಯ ಚಿತ್ರ ಓಡಾಡುತ್ತಿದೆ. ಆರ್ಥಿಕತೆ ಚೇತರಿಸುವಾಗ ಯಾವ ಶೇರು, ಉಬ್ಬಿದಾಗ ಯಾವುದು, ಇಳಿಯುವಾಗ ಯಾವುದು ಎಂದು ನಾಲ್ಕು ಭಾಗ ಮಾಡಿ ಬರೆದ ಚಕ್ರ ಅದು. ‘ಸೆಕ್ಟರ್ ರೊಟೇಷನ್’ ಎನ್ನುತ್ತಾರೆ. ಆ ಚಿತ್ರದಲ್ಲಿ ಹುರುಳಿದೆ. ಆದರೆ ನಮ್ಮ ಊರಿನವರು ಅದನ್ನು ಹಾಗೇ ನಂಬಿ ನಡೆದರೆ ಮಿಕ್ಕವರಿಗಿಂತ ಹೆಚ್ಚು ಪೆಟ್ಟು ತಿನ್ನುತ್ತಾರೆ. ಅದು ಹೇಗೆ ಎನ್ನುವುದಕ್ಕೇ ಈ ಪತ್ರ.

ಮೊದಲು ಹುರುಳಿನ ಮಾತು. ವ್ಯಾಪಾರ ಕುಸಿದಾಗ ರಿಸರ್ವ್ ಬ್ಯಾಂಕ್ ರೆಪೊ ದರ ಇಳಿಸುತ್ತದೆ. ಆ ಇಳಿಕೆ ಎಲ್ಲ ಉದ್ಯಮಕ್ಕೂ ಒಂದೇ ದಿನ ಮುಟ್ಟುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಮೊದಲು ಗಂಗಾವತಿಯ ಗದ್ದೆ ನೆನೆಯುತ್ತದೆ, ಮಾನ್ವಿ, ರಾಯಚೂರು ಕಡೆಯ ಕೆಳಭಾಗದವರು ಕಾಯುತ್ತಾರೆ, ಬಡ್ಡಿಯೂ ಹಾಗೆಯೇ. ಮೊದಲು ಮುಟ್ಟುವುದು ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳಿಗೆ. ಅಲ್ಲಿಂದ ಸಾಲದ ಮೇಲೆ ಕೊಳ್ಳುವ ವಸ್ತುಗಳಿಗೆ, ಅಂದರೆ ಬೈಕು, ಕಾರು, ಲಾರಿ, ಮನೆಗಳಿಗೆ ಹರಿಯುತ್ತದೆ. ಮನೆ ಏಳತೊಡಗಿದರೆ ಸಿಮೆಂಟು ಹೋಗುತ್ತದೆ. ಇರುವ ಕಾರ್ಖಾನೆಗಳು ತುಂಬಿ ಓಡತೊಡಗಿದ ಮೇಲೆ ಮಾಲೀಕರು ಹೊಸ ಕಾರ್ಖಾನೆ ಕಟ್ಟುತ್ತಾರೆ, ಆಗ ಯಂತ್ರ ಮಾಡುವವರಿಗೆ ಆರ್ಡರ್ ಬರುತ್ತದೆ. ಇಷ್ಟೆಲ್ಲ ಒಟ್ಟಿಗೆ ನಡೆಯುವಾಗ ಉಕ್ಕು, ಅದಿರು, ಕಲ್ಲಿದ್ದಲು, ತೈಲಕ್ಕೆ ಕೊರತೆ ಹುಟ್ಟಿ ಬೆಲೆ ಏರುತ್ತದೆ. ಬೆಲೆ ಏರಿದ್ದಕ್ಕೇ ರಿಸರ್ವ್ ಬ್ಯಾಂಕ್ ಮತ್ತೆ ಬಡ್ಡಿ ಬಿಗಿ ಮಾಡುತ್ತದೆ, ವ್ಯಾಪಾರ ಇಳಿಯುತ್ತದೆ. ಇಳಿದಾಗಲೂ ಜನ ಬಿಡದೆ ಕೊಳ್ಳುವ ಸೋಪು, ಬಿಸ್ಕತ್ತು, ಮಾತ್ರೆ, ಕರೆಂಟು ಮಾರುವ ಕಂಪನಿಗಳು ಆಗ ನಿಲ್ಲುತ್ತವೆ. ಆ ಚಕ್ರದ ಚಿತ್ರ ಹೇಳುವುದಿಷ್ಟೇ. ಅಮೆರಿಕದಲ್ಲಿ ಸ್ಯಾಮ್ ಸ್ಟೋವಲ್ ಎಂಬುವರು 1990ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು.

ಇದರಲ್ಲಿ ಲಾರಿಗೆ ಒಂದು ವಿಶೇಷ ಸ್ಥಾನವಿದೆ. ಹೊಸ ಲಾರಿ ಕೊಳ್ಳುವವನು ಮುಂದಿನ ಎರಡು ಮೂರು ವರ್ಷ ಬಾಡಿಗೆ ಸಿಗುತ್ತದೆ ಎಂದು ನಂಬಿ ಸಾಲ ಮಾಡುತ್ತಾನೆ. ಆ ನಂಬಿಕೆ ಅಲುಗಾಡಿದರೆ ಮೊದಲು ನಿಲ್ಲುವುದು ಆ ಖರೀದಿಯೇ. 2018-19ರಲ್ಲಿ ದೇಶದಲ್ಲಿ ಸುಮಾರು 3.9 ಲಕ್ಷ ಭಾರಿ ಮತ್ತು ಮಧ್ಯಮ ವಾಣಿಜ್ಯ ವಾಹನ ಮಾರಾಟವಾದವು. ಮರುವರ್ಷ ಅದು 2.2 ಲಕ್ಷದ ಸುಮಾರಿಗೆ ಇಳಿಯಿತು. ಕೊರೋನ ಲಾಕ್‌ಡೌನ್ ಬಂದದ್ದು ಆ ವರ್ಷದ ಕೊನೆಯ ವಾರದಲ್ಲಿ, ಹಾಗಾಗಿ ಅದರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. 2018ರ ಸೆಪ್ಟೆಂಬರಿನಲ್ಲಿ ಐಎಲ್‌ಅಂಡ್‌ಎಫ್‌ಎಸ್ ಕೈಯೆತ್ತಿದ ಮೇಲೆ ಫೈನಾನ್ಸ್ ಕಂಪನಿಗಳಿಗೆ ದುಡ್ಡು ಸಿಗುವುದೇ ಕಷ್ಟವಾಯಿತು. ಅದಕ್ಕೂ ಮೊದಲು ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಲೋಡ್ ಹೆಚ್ಚಿಸಿತ್ತು. ಹತ್ತು ಚಕ್ರದ ಗಾಡಿಗೆ 25 ಟನ್ ಇದ್ದ ಒಟ್ಟು ತೂಕ 28.5 ಟನ್ ಆಯಿತು. ಇರುವ ಗಾಡಿಗಳೇ ಹೆಚ್ಚು ಹೊರುವಾಗ ಹೊಸದು ಯಾರಿಗೆ ಬೇಕು? 2020-21ಕ್ಕೆ ಮಾರಾಟ 1.6 ಲಕ್ಷಕ್ಕೆ ಬಂತು. ಅಷ್ಟರಲ್ಲಿ ರೆಪೊ ದರ ಶೇ. 4ಕ್ಕೆ ಇಳಿದಿತ್ತು, ಮಾರಾಟ ಮತ್ತೆ ಏರಿತು. ಲಾರಿ ಮಾಡುವ ಕಂಪನಿ, ಲಾರಿಗೆ ಸಾಲ ಕೊಡುವ ಕಂಪನಿ ಇಳಿಕೆಯಲ್ಲೂ ಮುಂದೆ, ಏರಿಕೆಯಲ್ಲೂ ಮುಂದೆ ಎಂಬ ಮಾತು ಇಲ್ಲಿಯವರೆಗೆ ಚಿತ್ರದ ಪ್ರಕಾರವೇ ನಡೆಯಿತು.

ಆದರೆ ಲಾರಿ ಮಾಡುವವರು ಬೇರೆ, ಅದಿರು ಹೊರುವ ಲಾರಿ ಇಟ್ಟುಕೊಂಡ ನೀವು ಬೇರೆ. ನಿಮ್ಮ ಬಾಡಿಗೆ ನಿಂತಿರುವುದು ಕಾಲುವೆಯ ಕೆಳಭಾಗದಲ್ಲಿ, ಅಂದರೆ ಅದಿರು ಮತ್ತು ಉಕ್ಕಿನಲ್ಲಿ. ಚಿತ್ರದ ಪ್ರಕಾರ ಈ ಭಾಗ ಕೊನೆಗೆ ಏರಬೇಕು. ನಮ್ಮಲ್ಲಿ ಅದು ಹಾಗೆ ನಡೆದುಬಂದಿಲ್ಲ.

2008ನ್ನು ನೆನೆಸಿಕೊಳ್ಳಿ. ಬೀಜಿಂಗ್ ಒಲಿಂಪಿಕ್ಸ್ ಮುಗಿದು ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಬಿದ್ದ ಮೇಲೆ ಬಂದರುಗಳಲ್ಲಿ ಅದಿರಿನ ಫೈನ್ಸ್ ಕೇಳುವವರಿರಲಿಲ್ಲ. ಆ ವರ್ಷ ಮುಂಬಯಿ ಶೇರುಪೇಟೆಯ ಲೋಹ ಸೂಚ್ಯಂಕ ಸುಮಾರು ಮುಕ್ಕಾಲು ಪಾಲು ಕರಗಿತು. ಸೋಪು, ಬಿಸ್ಕತ್ತಿನ ಕಂಪನಿಗಳ ಸೂಚ್ಯಂಕ ಇಳಿದದ್ದು ಶೇ. 15ರ ಆಸುಪಾಸು. ಇದು ಚಿತ್ರಕ್ಕೆ ಸರಿಹೊಂದುತ್ತದೆ. ಹೊಂದದೇ ಹೋದದ್ದು ಮುಂದಿನ ವರ್ಷ. ಲೋಹ ಕೊನೆಗೆ ಏಳಬೇಕಿತ್ತಲ್ಲ? 2009ರಲ್ಲಿ ಅದು ಮೂರು ಪಟ್ಟಿಗೂ ಮಿಕ್ಕಿ ಏರಿ, ಮೊದಲೆದ್ದ ವಾಹನ ಕಂಪನಿಗಳನ್ನೂ ಹಿಂದೆ ಹಾಕಿತು. ಕಾರಣ ಮುಂಬಯಿಯಲ್ಲಿರಲಿಲ್ಲ. 2008ರ ನವೆಂಬರಿನಲ್ಲಿ ಚೀನಾ ಸರ್ಕಾರ 4 ಲಕ್ಷ ಕೋಟಿ ಯುವಾನಿನ ಕಾಮಗಾರಿಗಳನ್ನು ಘೋಷಿಸಿತ್ತು. ರಸ್ತೆ, ರೈಲು, ಸೇತುವೆ ಎಂದರೆ ಕಬ್ಬಿಣ, ಕಬ್ಬಿಣ ಎಂದರೆ ಅದಿರು. ಆಗಿನ ಲೆಕ್ಕವನ್ನೂ ಒಮ್ಮೆ ನೋಡಿ: 100 ರೂಪಾಯಿ 26ಕ್ಕೆ ಇಳಿದು, ಅಲ್ಲಿಂದ ಮೂರು ಪಟ್ಟು ದಾಟಿ ಏರಿದರೂ ಮುಟ್ಟಿದ್ದು 87ರ ಸುಮಾರು. ‘ಒಂದೇ ವರ್ಷದಲ್ಲಿ ಮೂರು ಪಟ್ಟು’ ಎಂಬ ಮಾತನ್ನಷ್ಟೇ ಕೇಳಿಸಿಕೊಂಡವರು ಈ ಎರಡನೇ ಅರ್ಧವನ್ನು ಮರೆಯುತ್ತಾರೆ.

2015ರಲ್ಲಿಯೂ ಚೀನಾದ್ದೇ ಗಡಿಯಾರ. ಅಲ್ಲಿ ಕಟ್ಟಡ ಕೆಲಸ ಸೊರಗಿತು, ಮಿಕ್ಕ ಉಕ್ಕನ್ನು ಅಗ್ಗದಲ್ಲಿ ಹೊರಗೆ ಸುರಿದರು. 2011ರ ಆರಂಭದಲ್ಲಿ ಟನ್ನಿಗೆ 180 ಡಾಲರ್ ದಾಟಿದ್ದ ಅದಿರು 2015ರ ಡಿಸೆಂಬರಿನಲ್ಲಿ 40 ಡಾಲರಿಗಿಂತ ಕೆಳಗಿಳಿಯಿತು. ಆಗ ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸುತ್ತಲೇ ಇತ್ತು, ಆದರೂ ಉಕ್ಕಿನ ಕಂಪನಿಗಳು ಒಂದರ ಹಿಂದೆ ಒಂದು ಸಾಲ ಕಟ್ಟಲಾರದೆ ಕುಸಿದವು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಉಕ್ಕಿಗೆ ಕನಿಷ್ಠ ಬೆಲೆ ಕಟ್ಟಿದ ಮೇಲೆಯೇ ಉಸಿರು ಬಂದದ್ದು. ಮುಂದೆ 2017ರ ಜೂನಿನಲ್ಲಿ ರಿಸರ್ವ್ ಬ್ಯಾಂಕ್ ದಿವಾಳಿ ನ್ಯಾಯಮಂಡಳಿಗೆ ಕಳಿಸಬೇಕೆಂದ 12 ದೊಡ್ಡ ಸಾಲಗಾರರಲ್ಲಿ ಐವರು ಉಕ್ಕಿನವರೇ: ಭೂಷಣ್ ಸ್ಟೀಲ್, ಎಸ್ಸಾರ್ ಸ್ಟೀಲ್, ಭೂಷಣ್ ಪವರ್, ಎಲೆಕ್ಟ್ರೋಸ್ಟೀಲ್, ಮೊನೆಟ್. ಪತ್ರಿಕೆಗಳಲ್ಲಿ ‘ಉಕ್ಕು ಮುಳುಗಿತು’ ಎಂದು ಓದುತ್ತಿದ್ದ ಆ ದಿನಗಳಲ್ಲಿ, ಗಟ್ಟಿಯಾಗಿ ಉಳಿದಿದ್ದ ಜೆಎಸ್‌ಡಬ್ಲ್ಯು ಶೇರು 2016ರ ಆರಂಭದ ಬೆಲೆಯ ಸುಮಾರು ಎರಡರಷ್ಟಾಗಿತ್ತು. ದಿವಾಳಿಯ ಸುದ್ದಿ ಕಳೆದುಹೋದ ಕಷ್ಟದ್ದು. ಶೇರು ಮುಂದಿನ ವರ್ಷದ ಬೆಲೆಯನ್ನು ನೋಡುತ್ತಿತ್ತು.

ಲೋಹದ ಶೇರು ಇಷ್ಟೊಂದು ಜೋಲಿ ಹೊಡೆಯುವುದೇಕೆ ಎಂಬುದನ್ನು ಒಂದು ಸರಳ ಲೆಕ್ಕದಲ್ಲಿ ನೋಡೋಣ. ಕಂಪನಿಯೊಂದು ಟನ್ ಉಕ್ಕನ್ನು 60 ಸಾವಿರಕ್ಕೆ ಮಾರುತ್ತದೆ, ಖರ್ಚು 50 ಸಾವಿರ, ಉಳಿಯುವುದು 10 ಸಾವಿರ ಎಂದಿಟ್ಟುಕೊಳ್ಳಿ. ಬೆಲೆ ಬರೀ ಶೇ. 10ರಷ್ಟು ಇಳಿದು 54 ಸಾವಿರವಾಯಿತು. ಬ್ಲಾಸ್ಟ್ ಫರ್ನೇಸನ್ನು ಸಂಜೆ ಆರಿಸಿ ಬೆಳಿಗ್ಗೆ ಹಚ್ಚಲು ಬರುವುದಿಲ್ಲ, ಆಸ್ಟ್ರೇಲಿಯದಿಂದ ತರಿಸಿದ ಕೋಕಿಂಗ್ ಕಲ್ಲಿದ್ದಲಿಗೆ ಮೊದಲೇ ದುಡ್ಡು ಕೊಟ್ಟಾಗಿದೆ, ಹಾಗಾಗಿ ಖರ್ಚು ಹಾಗೇ ನಿಲ್ಲುತ್ತದೆ. ಉಳಿತಾಯ 4 ಸಾವಿರಕ್ಕೆ ಬಂತು, ಅಂದರೆ ಶೇ. 60 ಹೋಯಿತು. ಮೇಲೆ ಸಾಲದ ಬಡ್ಡಿ ಕಟ್ಟಿದರೆ ಕೈಗೆ ಏನೂ ಸಿಗದಿರಬಹುದು. ಏರುವಾಗಲೂ ಇದೇ ಲೆಕ್ಕ, ತಿರುಗಾಮುರುಗಾ. ಬಿಸ್ಕತ್ತು ಮಾಡುವವನಿಗೆ ಈ ಸಂಕಟವಿಲ್ಲ. ಐದು ರೂಪಾಯಿಯ ಪೊಟ್ಟಣದ ಬೆಲೆಯನ್ನು ಚೀನಾದವರು ನಿಗದಿ ಮಾಡುವುದಿಲ್ಲ. ಗೋಧಿ ತುಟ್ಟಿಯಾದರೆ ಒಳಗಿನ ಒಂದು ಬಿಸ್ಕತ್ತು ಕಡಿಮೆಯಾಗುತ್ತದೆ, ಅಷ್ಟೇ.

ನಮ್ಮ ಗಣಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಒಟ್ಟು ಎಷ್ಟು ಅದಿರು ತೆಗೆಯಬಹುದು ಎಂಬುದಕ್ಕೆ ಸುಪ್ರೀಂ ಕೋರ್ಟೇ ಮಿತಿ ಹಾಕಿದೆ. 2013ರಲ್ಲಿ ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್ ಇದ್ದದ್ದು ನಂತರ 28 ಆಗಿ, 2022ರ ಆಗಸ್ಟಿನಲ್ಲಿ 35 ಆಯಿತು. ಇದರೊಳಗೆ ಒಂದೊಂದು ಗಣಿಗೂ ಬೇರೆ ಮಿತಿ. ಆದ್ದರಿಂದ ಬೇಡಿಕೆ ಉಕ್ಕಿ ಬಂದಾಗ ಬೇರೆ ಕಡೆಯ ಗಣಿ ಎರಡು ಶಿಫ್ಟ್ ಹೆಚ್ಚಿಸಿದ ಹಾಗೆ ಸಂಡೂರಿನ ಗಣಿ ಹೆಚ್ಚಿಸಲಾರದು. ಅದಕ್ಕೆ ಸಿಗುವ ಲಾಭವೆಲ್ಲ ಬೆಲೆ ಏರಿಕೆಯದ್ದು. ನಿಮಗೆ ಅಷ್ಟೂ ಇಲ್ಲ. ಗಣಿಯವರು ಟನ್ನಿಗೆ ಎರಡು ಸಾವಿರ ಹೆಚ್ಚು ಪಡೆದರೂ ಹೊರುವ ಟನ್ನು ಅಷ್ಟೇ, ಟ್ರಿಪ್ಪು ಅಷ್ಟೇ. ದೋಣಿಮಲೈಯನ್ನೇ ನೋಡಿ. 2018ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ಎನ್‌ಎಂಡಿಸಿಯ ಆ ಗಣಿ ಮುಚ್ಚಿತ್ತು. ಕಾರಣ ಆರ್ಥಿಕ ಹಿಂಜರಿತವಲ್ಲ, ಗುತ್ತಿಗೆ ನವೀಕರಣಕ್ಕೆ ರಾಜ್ಯ ಸರ್ಕಾರ ಕೇಳಿದ ಪ್ರೀಮಿಯಮ್ಮಿನ ಜಗಳ. ಯಾವ ಚಕ್ರದ ಚಿತ್ರದಲ್ಲೂ ಅದು ಬರುವುದಿಲ್ಲ.

ಈಗ 2022ರ ಮೇ ತಿಂಗಳಿಗೆ ಬರುತ್ತೇನೆ. ಇಡೀ ವಿಷಯ ಆ ಒಂದೇ ವರ್ಷದಲ್ಲಿ ಅಡಗಿದೆ.

ಕೊರೋನ ನಂತರದ ಏರಿಕೆಯಲ್ಲಿ ಉಕ್ಕಿನವರಿಗೆ ಸುಗ್ಗಿ. 2020ರ ಮಾರ್ಚಿನಲ್ಲಿ 150ರ ಕೆಳಗೆ ಬಿದ್ದಿದ್ದ ಜೆಎಸ್‌ಡಬ್ಲ್ಯು ಶೇರು 2021ರ ಮೇ ಹೊತ್ತಿಗೆ 700 ದಾಟಿತು. 2022ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಪನಿಯ ಲಾಭ ಸುಮಾರು 20,900 ಕೋಟಿ ರೂಪಾಯಿ, ಶೇರೊಂದಕ್ಕೆ ಸುಮಾರು 86 ರೂಪಾಯಿ. 2022ರ ಮೇ 4ರಂದು ರಿಸರ್ವ್ ಬ್ಯಾಂಕ್ ನಿಗದಿಯಲ್ಲದ ಸಭೆ ಕರೆದು ಬಡ್ಡಿ ಏರಿಸಲು ಶುರುಮಾಡಿತು. ಚಕ್ರ ಬಲ್ಲವರು ಅಂದೇ ಕಿವಿ ನೆಟ್ಟಗೆ ಮಾಡಬೇಕಿತ್ತು. ಮೇ 20, ಶುಕ್ರವಾರ, ಸುಪ್ರೀಂ ಕೋರ್ಟು ಕರ್ನಾಟಕದ ಅದಿರಿನ ರಫ್ತಿಗೆ ಇದ್ದ ತಡೆಯನ್ನು ತೆಗೆಯಿತು, ಇ-ಹರಾಜಿಲ್ಲದೆ ಮಾರಬಹುದು ಎಂದಿತು. ವರ್ಷಗಳಿಂದ ಕಾದಿದ್ದ ಆದೇಶ. ಬೇಲೆಕೇರಿಗೆ ಮತ್ತೆ ಲಾರಿ ಹೋಗುತ್ತವೆ ಎಂಬ ಮಾತು ಅಂದು ಸಂಜೆ ಎಲ್ಲರ ಬಾಯಲ್ಲಿ. ಮರುದಿನ, ಶನಿವಾರ ರಾತ್ರಿ, ಕೇಂದ್ರ ಹಣಕಾಸು ಇಲಾಖೆ ಬೆಲೆಯೇರಿಕೆ ತಡೆಯಲು ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು, ಪೆಲೆಟ್ಟಿಗೆ 45, ಹಲವು ಬಗೆಯ ಉಕ್ಕಿಗೆ 15. ಬಾಗಿಲು ತೆರೆದದ್ದು ಒಂದೇ ದಿನ.

ಸೋಮವಾರ ಬೆಳಿಗ್ಗೆ ಪೇಟೆ ತೆರೆದಾಗ ಶುಕ್ರವಾರ 630ರ ಆಸುಪಾಸಿದ್ದ ಜೆಎಸ್‌ಡಬ್ಲ್ಯು ಶೇರು 550ರ ಹತ್ತಿರಕ್ಕೆ ಬಿತ್ತು. ಒಂದೇ ದಿನಕ್ಕೆ ಶೇ. 13. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಶುಕ್ರವಾರ ಆ ಶೇರು ಕಾಗದದ ಮೇಲೆ ಬಹಳ ಅಗ್ಗವಾಗಿತ್ತು. ಬೆಲೆ 630, ಲಾಭ 86. ಏಳೂ ಚಿಲ್ಲರೆ ಪಟ್ಟು. ಪಿಇ ಎಂದು ಕರೆಯುವ ಈ ಅಂಕಿ ಕಡಿಮೆ ಇದ್ದಷ್ಟೂ ಶೇರು ಅಗ್ಗ ಎಂದು ಎಲ್ಲ ಆ್ಯಪ್‌ಗಳೂ ತೋರಿಸುತ್ತವೆ. ಸೋಪಿನ ಕಂಪನಿಗೆ ಈ ಮಾತು ಒಪ್ಪುತ್ತದೆ. ಉಕ್ಕಿನ ಕಂಪನಿಗೆ ಒಪ್ಪುವುದಿಲ್ಲ, ಏಕೆಂದರೆ ಪಟ್ಟು ಕಡಿಮೆ ಕಾಣುವುದು ಲಾಭ ತುತ್ತತುದಿಗೆ ಮುಟ್ಟಿದಾಗ. ಆ 86 ಮುಂದಿನ ವರ್ಷವೂ ಬರುತ್ತದೆ ಎಂದು ಪೇಟೆ ನಂಬಿರಲಿಲ್ಲ, ಅದಕ್ಕೇ ಅಗ್ಗವಾಗಿತ್ತು. ನಂಬದಿದ್ದದ್ದೇ ಸರಿಯಾಯಿತು: ಮುಂದಿನ ವರ್ಷದ ಲಾಭ ಸುಮಾರು 4,100 ಕೋಟಿ, ಐದರಲ್ಲೊಂದು ಪಾಲು. ಜುಲೈನಿಂದ ಸೆಪ್ಟೆಂಬರಿನ ಮೂರು ತಿಂಗಳಲ್ಲಂತೂ 900 ಕೋಟಿ ದಾಟಿದ ನಷ್ಟ.

ಇನ್ನು ಕಥೆಯ ಮತ್ತೊಂದು ಮಗ್ಗುಲು. ಆ ನಷ್ಟದ ಸುದ್ದಿ ಬಂದದ್ದು ಅಕ್ಟೋಬರಿನಲ್ಲಿ. ಅದನ್ನು ಓದಿ ಬೇಸತ್ತು ಮಾರಿದವರಿದ್ದಾರೆ. ನವೆಂಬರ್ 19ರಿಂದ ಸರ್ಕಾರ ಸುಂಕ ವಾಪಸು ಪಡೆಯಿತು, ಚೀನಾ ಕೊರೋನ ನಿರ್ಬಂಧ ಸಡಿಲಿಸಿತು. ಡಿಸೆಂಬರ್ ಕೊನೆಗೆ ಅದೇ ಶೇರು 750ರ ಮೇಲಿತ್ತು. 2023ರ ಮಾರ್ಚಿನ ಬೆಲೆಯನ್ನು ಆ ವರ್ಷದ ಲಾಭದಿಂದ ಭಾಗಿಸಿದರೆ ಪಿಇ ಸುಮಾರು 40. ಆ್ಯಪ್ ‘ಬಹಳ ತುಟ್ಟಿ’ ಎನ್ನುತ್ತಿತ್ತು. ಏಳು ಪಟ್ಟು ಇದ್ದಾಗ ಅಗ್ಗವೆಂದು ಕೊಂಡು, ನಷ್ಟ ಕಂಡಾಗ ಹೆದರಿ ಮಾರಿದವನು ಎರಡು ಸಲವೂ ಸೋತ. ಅವನು ಮೋಸ ಹೋದದ್ದು ಕಂಪನಿಯಿಂದಲ್ಲ, ಹಿಂದಿನ ವರ್ಷದ ಲಾಭವನ್ನು ಮುಂದಿನ ವರ್ಷದ್ದೆಂದು ಓದಿದ್ದರಿಂದ.

ಇದೇ ಅಳತೆಗೋಲು ನಮ್ಮ ರಸ್ತೆಗೂ ಅನ್ವಯಿಸುತ್ತದೆ. ವೇಬ್ರಿಡ್ಜ್ ಮುಂದೆ ಸಾಲು ಉದ್ದವಾಗಿದೆ, ಮರಿಯಮ್ಮನಹಳ್ಳಿ ದಾಬಾದಲ್ಲಿ ಕೂರಲು ಜಾಗವಿಲ್ಲ, ಲೇಔಟಿನ ಸೈಟಿಗೆ ಬೆಲೆ ಏರಿದೆ ಎಂದು ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಶೇರಿನಲ್ಲಿ ಏರಬೇಕಾದ್ದು ಏರಿ ಆಗಿರುತ್ತದೆ. ಲಾರಿ ಓಡುವುದು ಹಿಂದೆ ಬುಕ್ಕಾದ ಆರ್ಡರಿಗೆ. ‘ಕಣ್ಣೆದುರಿಗಿದೆ’ ಎನ್ನುವುದು ಆದ್ದರಿಂದ ಮುಂಚೂಣಿಯ ಮಾಹಿತಿಯಲ್ಲ, ಹಿಂದಿನ ಸಾಲಿನ ಮಾಹಿತಿ. ಮುಂದಿನದ್ದನ್ನು ತಿಳಿಯಬೇಕಾದರೆ ಎನ್‌ಎಂಡಿಸಿ ತನ್ನ ಲಂಪ್ಸ್ ಮತ್ತು ಫೈನ್ಸ್‌ಗೆ ಆಗಾಗ ಪ್ರಕಟಿಸುವ ದರ ಯಾವ ಕಡೆ ವಾಲುತ್ತಿದೆ, ಚೀನಾದಲ್ಲಿ ಮನೆ ಕಟ್ಟುವ ಕೆಲಸ ಹೇಗಿದೆ, ದೆಹಲಿಯಿಂದ ಸುಂಕದ ಆದೇಶ ಏನು ಬಂದಿದೆ, ಈ ಮೂರನ್ನು ನೋಡಬೇಕು. ದೆಹಲಿಯದ್ದು ಎರಡೂ ಕಡೆ ಕೆಲಸ ಮಾಡುತ್ತದೆ. 2022ರಲ್ಲಿ ರಫ್ತು ಸುಂಕ ಹಾಕಿದ್ದೂ ಅದೇ, 2025ರ ಏಪ್ರಿಲಿನಲ್ಲಿ ಆಮದಾಗುವ ಕೆಲವು ಬಗೆಯ ಉಕ್ಕಿನ ಮೇಲೆ ಶೇ. 12 ತಾತ್ಕಾಲಿಕ ಸುಂಕ ಹಾಕಿ ಇಲ್ಲಿನವರನ್ನು ಕಾದದ್ದೂ ಅದೇ.

2011ರ ಮಾತು ಎತ್ತದೆ ಈ ಪತ್ರ ಮುಗಿಯುವುದಿಲ್ಲ. ಆ ವರ್ಷ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ‘ಸ್ಲ್ಯಾಕ್ ಸೀಸನ್ನು, ಆರು ತಿಂಗಳಲ್ಲಿ ಸರಿಹೋಗುತ್ತೆ’ ಎಂದು ಕಂತು ಎಳೆದಾಡಿದವರು ಎಷ್ಟು ಜನ! ಗಾಡಿ ಸೀಜ್ ಆಗಿ ಯಾರ್ಡಿನಲ್ಲಿ ತುಕ್ಕು ಹಿಡಿದದ್ದನ್ನು ಎಲ್ಲರೂ ನೋಡಿದ್ದೀರಿ. ಅದು ಚಕ್ರದ ಇಳಿಕೆಯಾಗಿರಲಿಲ್ಲ. ಚಕ್ರದ ಇಳಿಕೆಯಲ್ಲಿ ಬೇಡಿಕೆ ಸತ್ತಿರುತ್ತದೆ, ಬೆಲೆ ಬಿದ್ದಿರುತ್ತದೆ. 2011ರ ಜುಲೈನಲ್ಲಿ ಅದಿರಿನ ಬೆಲೆ ಟನ್ನಿಗೆ 170 ಡಾಲರಿನ ಮೇಲಿತ್ತು, ಕೊಳ್ಳುವವರು ಸಾಲುಗಟ್ಟಿದ್ದರು, ನಿಂತದ್ದು ಪೂರೈಕೆ ಮಾತ್ರ. ಈ ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ: ಊರಲ್ಲಿ ಲಾರಿ ನಿಂತಿದೆ, ಆದರೆ ಲೋಕದಲ್ಲಿ ಬೆಲೆ ಬಿದ್ದಿಲ್ಲ ಎಂದಾದರೆ ಅದು ತಾನಾಗಿ ತಿರುಗುವ ಚಕ್ರವಲ್ಲ. 2013ರ ಏಪ್ರಿಲಿನಲ್ಲಿ ಎ ಮತ್ತು ಬಿ ವರ್ಗದ ಗಣಿಗಳಿಗೆ ಅನುಮತಿ ಬಂತು, ಸಿ ವರ್ಗದವು ರದ್ದಾದವು. ಆ ಕಾಲದ ಲಾರಿಗಳ ಸಂಖ್ಯೆ ಮತ್ತೆ ಬರಲಿಲ್ಲ, ಬರುವುದೂ ಇಲ್ಲ. ಸಂಡೂರು ಬೆಟ್ಟದಿಂದ ತೋರಣಗಲ್ಲಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರ್ ಉದ್ದದ ಕೊಳವೆ ಕನ್ವೇಯರ್ ಬಂದಿದೆ. ಮುಂದಿನ ಚೇತರಿಕೆಯಲ್ಲಿ ಉಕ್ಕಿನ ಶೇರು ಏರಬಹುದು, ನಿಮ್ಮ ಬಾಡಿಗೆ ಅದರ ಜೊತೆ ಏರಬೇಕೆಂದಿಲ್ಲ. ಇಳಿಯುವಾಗ ಮಾತ್ರ ಎರಡೂ ಜೊತೆಗೇ ಇಳಿಯುತ್ತವೆ.

ಇಳಿಕೆಯಲ್ಲಿ ನಿಲ್ಲುವುದು ಯಾವುದು ಎಂದು ಕಂಪ್ಲಿಯವರೊಬ್ಬರು ಕೇಳಿದರು: ‘ಅಕ್ಕಿ ಯಾವತ್ತೂ ತಿಂತಾರೆ, ಸಕ್ಕರೆ ಯಾವತ್ತೂ ಬೇಕು, ಹಾಗಾದ್ರೆ ಸಕ್ಕರೆ ಕಂಪನಿ ಶೇರು ತಗೊಳ್ಳೋಣವಾ?’ ತಿನ್ನುವ ವಸ್ತು ಎಂದ ಮಾತ್ರಕ್ಕೆ ಅದು ಇಳಿಕೆ ತಡೆಯುವ ಶೇರಾಗುವುದಿಲ್ಲ. ಕಬ್ಬಿನ ದರ ಒಂದು ಕಡೆ ಸರ್ಕಾರದ ಕೈಯಲ್ಲಿ, ಎಥೆನಾಲಿಗೆ ಎಷ್ಟು ರಸ ಎನ್ನುವುದೂ ಸರ್ಕಾರದ ಕೈಯಲ್ಲಿ. 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನು ಒಂದೇ ಆದೇಶದಲ್ಲಿ ತಡೆದರು. ನಮ್ಮ ಭತ್ತಕ್ಕೂ ಕಬ್ಬಿಗೂ ರೆಪೊ ದರಕ್ಕಿಂತ ಜಲಾಶಯದ ಮಟ್ಟ ಮುಖ್ಯ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಯಾವ ಅರ್ಥಶಾಸ್ತ್ರಜ್ಞನ ಮಾತೂ ಕಂಪ್ಲಿಯ ರೈತನಿಗೆ ಬೇಕಿರಲಿಲ್ಲ. ಇಳಿಕೆಯಲ್ಲಿ ನಿಲ್ಲುವುದು ತನ್ನ ಬೆಲೆಯನ್ನು ತಾನೇ ಕಟ್ಟಬಲ್ಲ, ಸಾಲ ಕಡಿಮೆಯಿರುವ, ತಿಂಗಳು ತಿಂಗಳು ಮಾರಾಟವಾಗುವ ಸರಕು. ಹಂಪಿಯ ಹೋಟೆಲು ಅದರ ಎದುರು ತುದಿ. ಪ್ರವಾಸ ಜನ ಮೊದಲು ಕೈಬಿಡುವ ಖರ್ಚು, 2020ರಲ್ಲಿ ಕಮಲಾಪುರದಿಂದ ಆನೆಗೊಂದಿಯವರೆಗೆ ಬೀಗವೇ. ಆದರೆ ಅದು ಅದಿರಿನ ಹಾಗೆ ಚೀನಾದ ಗಡಿಯಾರ ನೋಡುವುದಿಲ್ಲ, ಇಲ್ಲಿಯ ಮಧ್ಯಮ ವರ್ಗದ ಸಂಬಳ ನೋಡುತ್ತದೆ. ಲಾರಿಯ ಜೊತೆಗೆ ಟಿಟಿ ಇಟ್ಟುಕೊಂಡವರಿಗೆ ಈ ಎರಡು ಗಡಿಯಾರಗಳ ಅಂತರ ಚೆನ್ನಾಗಿ ಗೊತ್ತಿದೆ.

ಹಾಗಾದರೆ ಏನು ಮಾಡಬೇಕು? ಅದಿರಿನ ಎರಡು ಲಾರಿ, 20 ಲಕ್ಷ ಉಳಿತಾಯ ಇರುವ ಒಬ್ಬ ಮಾಲೀಕರನ್ನು ಇಟ್ಟುಕೊಳ್ಳೋಣ. ಉಕ್ಕಿನ ಶೇರಿನಲ್ಲಿ 12 ಲಕ್ಷ ಹಾಕಿದ್ದಾರೆ, ಮಿಕ್ಕದ್ದು ಬೇಕೆಂದಾಗ ಕೈಗೆ ಸಿಗದ ಕಡೆ ಇದೆ. ಅದಿರಿಗೆ ಕೆಟ್ಟ ಕಾಲ ಬಂತು, ಬಾಡಿಗೆ ಅರ್ಧವಾಯಿತು, ಶೇರೂ ಅರ್ಧವಾಯಿತು. ಎರಡು ಗಾಡಿಯ ಕಂತು ತಿಂಗಳಿಗೆ 1.2 ಲಕ್ಷ, ನಿಂತ ಗಾಡಿಗೂ ಕಂತು, ಇನ್ಶೂರೆನ್ಸು ತಪ್ಪುವುದಿಲ್ಲ. ಕಂತು ಕಟ್ಟಲು ಅರ್ಧ ಬೆಲೆಗೆ ಶೇರು ಮಾರಬೇಕು. ಐದೇ ತಿಂಗಳಲ್ಲಿ ಶೇರು ಪೂರಾ ಖಾಲಿ, ಆಮೇಲೆ ಅದು ಮೂರು ಪಟ್ಟಾದರೂ ಇವರ ಕೈಯಲ್ಲಿಲ್ಲ. ಅದೇ ದುಡ್ಡಿನಲ್ಲಿ ಎಂಟು ತಿಂಗಳ ಕಂತು, ಅಂದರೆ 9.6 ಲಕ್ಷ, ಬ್ಯಾಂಕಿನ ಡಿಪಾಸಿಟ್ಟಿನಲ್ಲಿದ್ದು, ಉಳಿದದ್ದು ನಿಫ್ಟಿ ಇಂಡೆಕ್ಸ್ ಫಂಡ್ ಮತ್ತು ಬ್ಯಾಂಕು, ಔಷಧ, ದಿನಬಳಕೆಯ ಕಂಪನಿಗಳಲ್ಲಿದ್ದಿದ್ದರೆ ಶೇರನ್ನು ಕೆಟ್ಟ ಬೆಲೆಗೆ ಮಾರುವ ಪ್ರಸಂಗ ಬರುತ್ತಿರಲಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ನೌಕರನೊಬ್ಬ ಲೋಹದ ಶೇರು ಕೊಂಡರೆ ಅದಕ್ಕೊಂದು ಅರ್ಥವಿದೆ, ಅವನ ಸಂಬಳ ಅದಿರಿನಿಂದ ಬರುವುದಿಲ್ಲ. ನಿಮ್ಮ ಮನೆಯ ಮುಂದೆ ನಿಂತಿರುವ ಹತ್ತು ಚಕ್ರದ ಗಾಡಿ ಆಗಲೇ ಲೋಹದಲ್ಲಿ ಮಾಡಿದ ಹೂಡಿಕೆ, ಅದೂ ಸಾಲ ಮಾಡಿ.

ಚಕ್ರ ನೋಡಿ ವರ್ಷಕ್ಕೆ ಒಂದೆರಡು ಸಲ ಶೇರು ಬದಲಿಸುತ್ತೇನೆ ಎನ್ನುವ ಹುಡುಗರಿಗೆ ಎರಡು ಮಾತು. ಒಂದು, ಇಳಿಕೆ ಶುರುವಾದದ್ದು ಯಾವ ತಿಂಗಳು ಎನ್ನುವುದು ಎಲ್ಲರಿಗೂ ಆಮೇಲೆಯೇ ತಿಳಿಯುವುದು. ಅಮೆರಿಕದ ದಶಕಗಳ ಲೆಕ್ಕ ತೆಗೆದು ಸಂಶೋಧಕರು ನೋಡಿದ್ದಾರೆ: ಚಕ್ರದ ತಿರುವುಗಳನ್ನು ಮೊದಲೇ ಬಲ್ಲವನಿಗೂ ಈ ವಿಧಾನದಿಂದ ಸಿಕ್ಕ ಹೆಚ್ಚುವರಿ ಗಳಿಕೆ ಅಲ್ಪ, ತಿರುವನ್ನು ಕೆಲವು ತಿಂಗಳು ತಪ್ಪಾಗಿ ಊಹಿಸಿ, ಕೊಡುಕೊಳ್ಳುವ ಖರ್ಚೂ ಸೇರಿದರೆ ಅದೂ ಕರಗುತ್ತದೆ. ಎರಡು, ತೆರಿಗೆ. 2024ರ ಜುಲೈ 23ರಿಂದ, ವರ್ಷದೊಳಗೆ ಮಾರಿದ ಶೇರಿನ ಲಾಭಕ್ಕೆ ಶೇ. 20, ವರ್ಷ ದಾಟಿಸಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. ಒಂದು ಲಕ್ಷ ಲಾಭ ಮಾಡಿ ಹತ್ತೇ ತಿಂಗಳಿಗೆ ಬದಲಿಸಿದವನು 20 ಸಾವಿರ ಕಟ್ಟುತ್ತಾನೆ. ಇನ್ನೆರಡು ತಿಂಗಳು ದಾಟುವವರೆಗೆ ಸುಮ್ಮನಿದ್ದವನು, ಆ ವರ್ಷ ಬೇರೆ ಲಾಭವಿಲ್ಲದಿದ್ದರೆ, ಏನೂ ಕಟ್ಟುವುದಿಲ್ಲ. ಹೀಗಾಗಿ ಪೂರ್ತಿ ಬದಲಿಸುವ ಗೋಜು ಬೇಡ. ತಿಂಗಳ ಹೊಸ ಕಂತನ್ನು ಯಾವ ಕಡೆ ಹಾಕಬೇಕು ಎಂಬುದನ್ನಷ್ಟೇ ಚಕ್ರದಿಂದ ಕೇಳಿ.

2025ರ ಸ್ಥಿತಿಗೆ ಇದನ್ನು ಹೊಂದಿಸುವುದಾದರೆ, ಆ ವರ್ಷದ ಫೆಬ್ರವರಿಯಲ್ಲಿ ಶೇ. 6.5ರಲ್ಲಿದ್ದ ರೆಪೊ ಇಳಿಯಲು ಶುರುವಾಗಿ ಜೂನಿಗೆ 5.5ಕ್ಕೆ ಬಂತು. ಸೆಪ್ಟೆಂಬರ್ 22ರಿಂದ ಲಾರಿ ಮತ್ತು ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಚಿತ್ರದ ಪ್ರಕಾರ ಅದು ಸಾಲ ಕೊಡುವವರ, ವಾಹನ ಮಾಡುವವರ, ಮನೆ ಕಟ್ಟುವವರ ಕಾಲ. ಈ ಭಾಗದಲ್ಲಿ ಚಿತ್ರವನ್ನು ಸ್ವಲ್ಪ ನಂಬಬಹುದು, ಏಕೆಂದರೆ ಇಲ್ಲಿ ಗಡಿಯಾರ ರಿಸರ್ವ್ ಬ್ಯಾಂಕಿನದ್ದು, ಚೀನಾದ್ದಲ್ಲ. ಆದರೆ ಜಿಎಸ್‌ಟಿ ಇಳಿಯಿತೆಂದು ಕಂಪನಿಯ ಶೇರಿನ ಬದಲು ಮೂರನೇ ಗಾಡಿಯನ್ನೇ ಕೊಳ್ಳಲು ಹೊರಟವರು ಒಮ್ಮೆ ಬಂದು ಹೋಗಿ. ಅದಿರಿನ ಪಾಯಿಂಟಿಗೋ, ಸಿಮೆಂಟಿನದ್ದಕ್ಕೋ, ಗಂಗಾವತಿಯ ಅಕ್ಕಿಗೋ ಎನ್ನುವುದನ್ನು ಮೊದಲು ಕಾಗದದ ಮೇಲೆ ಬರೆಯೋಣ, ಕಂತಿನ ಲೆಕ್ಕ ಆಮೇಲೆ.

ಇಂತಿ,
ಹೊಸಪೇಟೆಯ ಒಬ್ಬ ಲೆಕ್ಕ ಬರೆಯುವವ